ಹಳ್ಳಿ ವರದಿಗಾರರ ಕಾಪಿ: ವಾಂತಿ–ಭೇದಿ ಸುದ್ದಿಯನ್ನು ಹೇಗೆ ಬಿಚ್ಚಿ ಕಟ್ಟಬೇಕು? ಯಾವ ಪ್ರಶ್ನೆ ಕೇಳಬೇಕು?

ಡೆಸ್ಕ್‌ಗೆ ಹೊಸಬಳು (ಬುಧವಾರ, ಬೆಳಿಗ್ಗೆ 10.20)

ಜಿಲ್ಲಾ ಆವೃತ್ತಿಯ ಡೆಸ್ಕ್‌ಗೆ ಸೇರಿ ಆರು ತಿಂಗಳಾಗಿದೆ. ನಿನ್ನೆ, ಮಂಗಳವಾರ, ರಾತ್ರಿ 7.40ಕ್ಕೆ ಹಳ್ಳಿಯೊಂದರ ಅರೆಕಾಲಿಕ ವರದಿಗಾರರಿಂದ ವಾಟ್ಸ್‌ಆ್ಯಪ್‌ನಲ್ಲಿ ಕಾಪಿ ಬಂತು. ನಾನು ತಿದ್ದಿ ಕೊಟ್ಟೆ. ಮುಖ್ಯ ಉಪಸಂಪಾದಕರು ಅದನ್ನು ಒಪ್ಪಲಿಲ್ಲ. ತಾವೇ ಕುಳಿತು ನಾಲ್ಕು ಸಾಲಿಗೆ ಇಳಿಸಿ, ‘ವಾಂತಿ–ಭೇದಿ: 18 ಮಂದಿಗೆ ಚಿಕಿತ್ಸೆ’ ಎಂದು ಒಂದು ಕಾಲಂನಲ್ಲಿ ಹಾಕಿದರು. ಇವತ್ತು ಸಂಜೆಯೊಳಗೆ ಪೂರ್ಣ ವರದಿ ಸಿದ್ಧಪಡಿಸಬೇಕು, ವರದಿಗಾರರಿಗೆ ಪ್ರಶ್ನೆ ಕಳಿಸಬೇಕು ಎಂದಿದ್ದಾರೆ. ಏನು ತಪ್ಪಾಯಿತು ಎಂದು ವಿವರಿಸುವಷ್ಟು ಬಿಡುವು ಅವರಿಗೆ ಇರಲಿಲ್ಲ. ಊರಿನ ಹೆಸರು ತೆಗೆದು ಮೂಲ ಕಾಪಿಯನ್ನು ಇಲ್ಲಿ ಹಾಕುತ್ತಿದ್ದೇನೆ:

> ತಾಲ್ಲೂಕಿನ ಈ ಗ್ರಾಮವು ಸುಮಾರು 300 ಮನೆಗಳನ್ನು ಹೊಂದಿದ್ದು ಕೃಷಿಯೇ ಪ್ರಧಾನ ಕಸುಬಾಗಿದೆ. ಕಳೆದ ಹಲವು ವರ್ಷಗಳಿಂದ ಇಲ್ಲಿ ಕುಡಿಯುವ ನೀರಿನ ಸಮಸ್ಯೆ ತಾಂಡವವಾಡುತ್ತಿದ್ದು ಸಂಬಂಧಪಟ್ಟವರ ಗಮನಕ್ಕೆ ತಂದರೂ ಪ್ರಯೋಜನವಾಗಿಲ್ಲ. ಇತ್ತೀಚೆಗೆ ಮನೆ ಮನೆಗೆ ನಲ್ಲಿ ಹಾಕಲು ರಸ್ತೆ ಅಗೆದಿದ್ದು ಕಾಮಗಾರಿ ಅರ್ಧಕ್ಕೆ ನಿಂತಿದೆ. ನಿನ್ನೆ ಬೆಳಿಗ್ಗೆಯಿಂದ 18 ಜನರಿಗೆ ವಾಂತಿ ಭೇದಿ ಕಾಣಿಸಿಕೊಂಡಿದ್ದು ಸಮೀಪದ ಆಸ್ಪತ್ರೆಗೆ ದಾಖಲಿಸಲಾಗಿದೆ. ಕಲುಷಿತ ನೀರು ಸೇವನೆಯೇ ಇದಕ್ಕೆ ಕಾರಣ. ಪೈಪ್ ಒಡೆದು ಚರಂಡಿ ನೀರು ಸೇರಿದರೂ ಅಧಿಕಾರಿಗಳು ಕಣ್ಮುಚ್ಚಿ ಕುಳಿತಿದ್ದಾರೆ. ಅಧಿಕಾರಿಗಳು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು. ಕಲುಷಿತ ನೀರು ಸೇವಿಸಿ ಓರ್ವ ವೃದ್ಧೆ ಸಾವನ್ನಪ್ಪಿದ್ದು ಗ್ರಾಮದಲ್ಲಿ ಆತಂಕ ಮನೆಮಾಡಿದೆ. ಒಟ್ಟು 23 ಜನ ಅಸ್ವಸ್ಥರಾಗಿದ್ದು ಇಬ್ಬರ ಸ್ಥಿತಿ ಗಂಭೀರವಾಗಿದೆ. ಇನ್ನಾದರೂ ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳಬೇಕೆಂಬುದು ಗ್ರಾಮಸ್ಥರ ಆಗ್ರಹವಾಗಿದೆ.

ಸಾವಿನ ಸುದ್ದಿ ಕೆಳಗೆ ಹೂತುಹೋಗಿದೆ ಎಂದು ನನಗೆ ಕೂಡಲೇ ಗೊತ್ತಾಯಿತು. ಅದನ್ನು ಮೇಲಕ್ಕೆ ತಂದು ಹೀಗೆ ಬರೆದೆ: ‘ಕಲುಷಿತ ನೀರು ಸೇವಿಸಿ ವೃದ್ಧೆಯೊಬ್ಬರು ಮೃತಪಟ್ಟು, 23 ಮಂದಿ ಅಸ್ವಸ್ಥಗೊಂಡ ಘಟನೆ ತಾಲ್ಲೂಕಿನ … ಗ್ರಾಮದಲ್ಲಿ ಸೋಮವಾರ ನಡೆದಿದೆ.’ ಮುಖ್ಯವಾದದ್ದು ಮೊದಲು ಬರಬೇಕು ಎಂದು ಕಲಿತದ್ದನ್ನೇ ಮಾಡಿದೆ. ಇದರಲ್ಲಿ ತಪ್ಪೇನು?

ಕಾಗುಣಿತದ ಕಾಳಜಿ

ತಪ್ಪುಗಳು ಎದ್ದು ಕಾಣುತ್ತಿವೆಯಲ್ಲ! ‘ಓರ್ವ’ ಬೇಡ, ‘ಒಬ್ಬ’ ಸಾಕು. ಇಲ್ಲಿ ‘ಒಬ್ಬ ವೃದ್ಧೆ’ ಎನ್ನುವುದಕ್ಕಿಂತ ‘ವೃದ್ಧೆಯೊಬ್ಬರು’ ಸರಿ, ಅದನ್ನು ನೀವು ತಿದ್ದಿದ್ದೀರಿ. ‘ಸಾವನ್ನಪ್ಪಿದರು’ ಎಂಬುದು ನನಗೆ ಎಂದೂ ಒಗ್ಗಿಲ್ಲ. ಸಾವನ್ನು ಯಾರೂ ಹೋಗಿ ಅಪ್ಪಿಕೊಳ್ಳುವುದಿಲ್ಲ. ‘ತಾಂಡವವಾಡು’, ‘ಮನೆಮಾಡು’ ಇವೆಲ್ಲ ಸವಕಲು ಮಾತುಗಳು. ಇವನ್ನು ತೆಗೆದರೆ ಕಾಪಿ ಶುದ್ಧವಾಗುತ್ತದೆ.

ಪತ್ರಿಕೋದ್ಯಮದ ಮೇಷ್ಟ್ರು

ಕಾಗುಣಿತದ ಪ್ರಶ್ನೆ ಇದಲ್ಲ. ತಲೆಕೆಳಗಾದ ಪಿರಮಿಡ್ ಮಾದರಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರೂ ಪ್ರಶ್ನೆಗಳಿಗೆ ಮೊದಲ ವಾಕ್ಯದಲ್ಲೇ ಉತ್ತರ ಇರಬೇಕು. ನಿಮ್ಮ ಪೀಠಿಕೆಯಲ್ಲಿ ‘ಹೇಗೆ’ ಎಂಬುದು ಬಿಟ್ಟುಹೋಗಿದೆ. ‘ಪೈಪ್ ಒಡೆದು ಚರಂಡಿ ನೀರು ಸೇರಿ ಕಲುಷಿತಗೊಂಡ ನೀರು ಸೇವಿಸಿ’ ಎಂದು ಶುರು ಮಾಡಿದ್ದರೆ ಪೂರ್ಣವಾಗುತ್ತಿತ್ತು. ಸಾವನ್ನು ಮೇಲಕ್ಕೆ ತಂದದ್ದು ಸರಿ. ನಿಮ್ಮ ಮುಖ್ಯ ಉಪಸಂಪಾದಕರು ಸಾವನ್ನೇ ಕೈಬಿಟ್ಟಿರುವುದು ನನಗೆ ಅರ್ಥವಾಗಲಿಲ್ಲ. ಅದು ಸುದ್ದಿಯನ್ನು ಮುಚ್ಚಿಟ್ಟಂತೆ.

ಮೂವತ್ತು ವರ್ಷ ಡೆಸ್ಕ್

ಮೇಷ್ಟ್ರೇ, ಸಾವು ಮುಖ್ಯವಾದರೆ ಮೇಲಕ್ಕೆ ಬರಬೇಕು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಆರು ಪ್ರಶ್ನೆಗಳನ್ನೂ ಒಂದೇ ವಾಕ್ಯಕ್ಕೆ ತುರುಕುವುದು ಕನ್ನಡದಲ್ಲಿ ಅಪಾಯ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನೀವು ಹೇಳಿದಂತೆ ಬರೆದರೆ ಓದುಗ ‘ಪೈಪ್ ಒಡೆದು’, ‘ಸೇರಿ’, ‘ಸೇವಿಸಿ’, ‘ಮೃತಪಟ್ಟು’ ಎಂದು ನಾಲ್ಕು ಮೆಟ್ಟಿಲು ಹತ್ತಿ, ಕೊನೆಗೆ ‘ಘಟನೆ ನಡೆದಿದೆ’ ಎಂಬ ಟೊಳ್ಳು ಮಾತಿಗೆ ಬಂದು ನಿಲ್ಲುತ್ತಾನೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಂಗಿ, ನಿಮ್ಮ ಕಾಪಿ ವಾಪಸ್ ಬಂದದ್ದು ಅದಕ್ಕೇ ಎಂದು ನನ್ನ ಅನಿಸಿಕೆ. ‘ಸೇವಿಸಿ’ ಎಂಬ ಪದವನ್ನು ನೋಡಿ. ‘ಬಸ್ ಇಳಿದು ಮನೆಗೆ ಹೋದ’ ಎಂದರೆ ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದಷ್ಟೇ ಅರ್ಥ. ‘ನೀರು ಕುಡಿದು ಸತ್ತಳು’ ಎಂದರೆ ನೀರಿನಿಂದಲೇ ಸತ್ತಳು ಎಂದು ಯಾರಾದರೂ ಓದುತ್ತಾರೆ. ನಿಮ್ಮ ಪೀಠಿಕೆಯಲ್ಲಿ ‘ಕಾರಣ’ ಎಂಬ ಪದ ಎಲ್ಲಿಯೂ ಇಲ್ಲ, ‘ಎಂದು ಇಂಥವರು ಹೇಳಿದರು’ ಎಂಬುದೂ ಇಲ್ಲ. ಆದರೂ ಆ ಒಂದು ‘ಇ’ಕಾರ ನೀರಿಗೂ ಸಾವಿಗೂ ಗಂಟು ಹಾಕಿಬಿಟ್ಟಿತು. ವರದಿಗಾರರು ಎಂಟನೇ ವಾಕ್ಯದಲ್ಲಿ ಹಾಕಿದ್ದ ಗಂಟನ್ನು ನೀವು ಹಾಗೆಯೇ ಎತ್ತಿ ಮೊದಲ ಸಾಲಿಗೆ ತಂದಿರಿ. ತೀರ್ಪು ಹಾಗೆಯೇ ಉಳಿಯಿತು, ಸದ್ದು ಮಾತ್ರ ಹೆಚ್ಚಾಯಿತು.

ನಾನು ಹಳ್ಳಿ ಕಾಪಿ ಕೈಗೆ ಬಂದಾಗ ಪೆನ್ನು ಹಿಡಿದು ಮೊದಲು ‘ಸೇವಿಸಿ’, ‘ಒಡೆದು’, ‘ಆಗಿದ್ದು’ ಇಂಥವುಗಳಿಗೆಲ್ಲ ಸುತ್ತು ಹಾಕುತ್ತಿದ್ದೆ. ಪ್ರತಿ ಸುತ್ತಿನ ಬಳಿಯೂ ವಾಕ್ಯವನ್ನು ಎರಡು ತುಂಡು ಮಾಡುತ್ತಿದ್ದೆ. ಎರಡು ತುಂಡಿನ ನಡುವೆ ಏನು ಬೇಕು ಎಂದು ಕೇಳಿಕೊಂಡರೆ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಈ ಕಾಪಿಯಲ್ಲಿ ಅಂಥ ಹೊಲಿಗೆಗಳು ಮೂರು. ‘ನೀರು ಸೇವಿಸಿ ಸಾವು.’ ‘ನೀರು ಸೇವನೆಯೇ ಕಾರಣ’, ಅಂದರೆ ನೀರಿಗೂ ಕಾಯಿಲೆಗೂ ಹಾಕಿದ ಹೊಲಿಗೆ. ‘ಪೈಪ್ ಒಡೆದು ಚರಂಡಿ ನೀರು ಸೇರಿದರೂ.’ ಮೂರನ್ನೂ ಬಿಚ್ಚಿ ನೋಡಿ. ವೃದ್ಧೆ ಮೃತಪಟ್ಟಿದ್ದಾರೆ. 18 ಅಥವಾ 23 ಮಂದಿಗೆ ವಾಂತಿ–ಭೇದಿ. ಎಲ್ಲೋ ಒಂದು ಕಡೆ ಪೈಪ್ ಒಡೆದಿದೆ. ನಿಮ್ಮ ಕೈಯಲ್ಲಿ ಇರುವುದು ಇಷ್ಟೇ.

ಮೇಷ್ಟ್ರೇ, ಸಾವನ್ನು ನಿನ್ನೆ ಕೈಬಿಟ್ಟದ್ದು ಮುಚ್ಚಿಟ್ಟಂತೆ ಎಂದಿರಿ. ರಾತ್ರಿ ಪುಟ ಮುಗಿಯುವ ಹೊತ್ತಿಗೆ ಯಾವ ದಿನ ತೀರಿಕೊಂಡರು ಎಂಬುದೇ ಗೊತ್ತಿಲ್ಲದಿದ್ದರೆ ನಾನೂ ಕೈಬಿಡುತ್ತಿದ್ದೆ. ಒಂದು ದಿನ ತಡವಾದರೆ ಸುದ್ದಿ ಸಾಯುವುದಿಲ್ಲ.

ಪತ್ರಿಕೋದ್ಯಮದ ಮೇಷ್ಟ್ರು

ವ್ಯಾಕರಣದ ಮಾತು ಒಪ್ಪಿದೆ, ತರಗತಿಯಲ್ಲಿ ನಾನು ಅದನ್ನು ಹಾಗೆ ಹೇಳಿಕೊಟ್ಟಿರಲಿಲ್ಲ. ಸಾವಿನ ವಿಚಾರದಲ್ಲಿ ಒಪ್ಪುವುದಿಲ್ಲ. ‘ಮಹಿಳೆಯೊಬ್ಬರು ಮೃತಪಟ್ಟಿದ್ದು, ಕಾರಣ ತಿಳಿದುಬಂದಿಲ್ಲ’ ಎಂದು ಒಂದು ಸಾಲು ಹಾಕಬಹುದಿತ್ತು.

ಮೂವತ್ತು ವರ್ಷ ಡೆಸ್ಕ್

ಹಾಕಿದ್ದರೆ ವಾಂತಿ–ಭೇದಿ ಸುದ್ದಿಯ ಒಳಗೆ ಕುಳಿತ ಆ ಸಾಲೂ ಅದನ್ನೇ ಹೇಳುತ್ತಿತ್ತು. ಪಕ್ಕದಲ್ಲಿ ಇಡುವುದೂ ಒಂದು ಹೊಲಿಗೆಯೇ.

ಆರೋಗ್ಯ ಇಲಾಖೆಯಲ್ಲಿರುವವ

ನಾನು ಪತ್ರಿಕೆಯವನಲ್ಲ, ಆರೋಗ್ಯ ನಿರೀಕ್ಷಣಾಧಿಕಾರಿ. ಇಂಥ ಊರುಗಳಿಗೆ ಹೋಗುವುದು ನನ್ನ ಕೆಲಸ. 18 ಮತ್ತು 23ರ ಬಗ್ಗೆ ಒಂದು ಮಾತು. ನಿಮ್ಮ ವರದಿಗಾರರು ತಪ್ಪು ಬರೆದಿದ್ದಾರೆ ಎಂದು ತಿಳಿಯಬೇಡಿ. ಆಸ್ಪತ್ರೆಯ ಪುಸ್ತಕದಲ್ಲಿ ಒಂದು ಲೆಕ್ಕ ಇರುತ್ತದೆ. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ಬರೆದುಕೊಂಡ ಪಟ್ಟಿಯಲ್ಲಿ ಇನ್ನೊಂದು ಲೆಕ್ಕ ಇರುತ್ತದೆ. ಮನೆಯಲ್ಲಿಯೇ ಒಆರ್‌ಎಸ್ ಕುಡಿದು ಚೇತರಿಸಿಕೊಂಡವರು ಎರಡನೆಯದರಲ್ಲಿ ಮಾತ್ರ ಬರುತ್ತಾರೆ. ಸಂಜೆ ನಾಲ್ಕಕ್ಕೆ ಕೇಳಿದ ಸಂಖ್ಯೆ ಏಳಕ್ಕೆ ಬದಲಾಗಿರುತ್ತದೆ. ಆದ್ದರಿಂದ ‘ಎಷ್ಟು ಜನ’ ಎಂದು ಕೇಳಬೇಡಿ. ಯಾರ ಪಟ್ಟಿ, ಎಷ್ಟು ಗಂಟೆಗೆ ಎಂದು ಕೇಳಿ.

ಇನ್ನೆರಡು ವಿಷಯಗಳನ್ನು ಪತ್ರಿಕೆಯವರು ಸಾಮಾನ್ಯವಾಗಿ ಕೇಳುವುದಿಲ್ಲ. ಮೊದಲನೆಯದು, ಆ ವಾರ ಊರಿನಲ್ಲಿ ಮದುವೆ, ನಾಮಕರಣ, ತಿಥಿ, ಜಾತ್ರೆ ಏನಾದರೂ ಊಟ ಇತ್ತೇ? ಒಂದೇ ಪಂಕ್ತಿಯಲ್ಲಿ ಉಂಡವರಿಗೆಲ್ಲ ಕಾಯಿಲೆ ಬಂದಿದ್ದರೆ ನೀರನ್ನು ದೂರುವ ಮೊದಲು ಯೋಚಿಸಬೇಕಾಗುತ್ತದೆ. ಎರಡನೆಯದು, ನೀರಿನ ಮಾದರಿ ತೆಗೆದದ್ದು ಯಾವಾಗ, ಎಲ್ಲಿಂದ? ಸುದ್ದಿ ತಿಳಿದ ಕೂಡಲೇ ಪಂಚಾಯಿತಿಯವರು ನೀರುಗಂಟಿಯನ್ನು ಕಳಿಸಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತಾರೆ. ಹಾಕಿಸಲೇಬೇಕು, ಅದು ಸರಿಯಾದ ಕ್ರಮ. ಆದರೆ ಅದಾದ ಮೇಲೆ ಟ್ಯಾಂಕಿನಿಂದ ತೆಗೆದ ನೀರು ಪರೀಕ್ಷೆಯಲ್ಲಿ ಚೆನ್ನಾಗಿಯೇ ಇರಬಹುದು. ಒಡೆದ ಪೈಪಿನ ಆಚೆಯ ನಲ್ಲಿಯಲ್ಲಿ ಏನಿತ್ತು ಎಂಬುದನ್ನು ಆ ವರದಿ ಹೇಳುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ–ಕೊಲೈ ಇರಲೇಬಾರದು. ಕ್ಲೋರಿನ್ ಹಾಕಿದ ನೀರಾದರೆ ಪ್ರತಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಬೀದಿಯ ಕೊನೆಯ ನಲ್ಲಿಯಲ್ಲಿ ಅದು ಉಳಿದಿದೆಯೇ ಎಂದು ನಾವು ಸ್ಥಳದಲ್ಲಿಯೇ ಐದು ನಿಮಿಷದಲ್ಲಿ ನೋಡುತ್ತೇವೆ. ರೋಗಾಣುವಿನ ಪರೀಕ್ಷೆಗೆ ಮಾತ್ರ ಒಂದೆರಡು ದಿನ ಬೇಕು.

ದಯವಿಟ್ಟು ‘ಕಾಲರಾ’ ಎಂದು ಎಲ್ಲಿಯೂ ಬರೆಯಬೇಡಿ. ಮಲದ ಮಾದರಿಯ ಪ್ರಯೋಗಾಲಯ ವರದಿ ಬರುವವರೆಗೆ ನಾವೂ ಆ ಪದ ಆಡುವುದಿಲ್ಲ.

ಹೋಬಳಿ ವರದಿಗಾರ

ನಾನು ಹದಿನಾಲ್ಕು ವರ್ಷಗಳಿಂದ ಹೋಬಳಿ ಮಟ್ಟದಲ್ಲಿ ಬರೆಯುತ್ತಿದ್ದೇನೆ. ಈ ಕಾಪಿ ನನ್ನದಲ್ಲ, ಆದರೆ ನನ್ನದೂ ಇದೇ ಥರ ಇರುತ್ತದೆ. ನನ್ನ ಅನುಭವ ಒಂದನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮೂರ ಕೆರೆ ಏರಿ ಬಿರುಕು ಬಿಟ್ಟ ಸುದ್ದಿ ಕಳಿಸಿದ್ದೆ. ‘ರೈತರು ಬೇಸರ ವ್ಯಕ್ತಪಡಿಸಿದರು’ ಎಂದು ನಾನು ಬರೆದದ್ದು ಪತ್ರಿಕೆಯಲ್ಲಿ ‘ರೈತರ ಆಕ್ರೋಶ’ ಎಂದಾಗಿ, ‘ಪಂಚಾಯಿತಿ ಸದಸ್ಯರ ನಿರ್ಲಕ್ಷ್ಯ’ ಎಂದು ಒಂದು ಸಾಲೂ ಸೇರಿ ಬಂತು. ಯಾರೂ ಫೋನ್ ಮಾಡಿ ಕೇಳಿರಲಿಲ್ಲ. ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಆ ಸದಸ್ಯರು ಪತ್ರಿಕೆ ಹಿಡಿದು ನನಗಾಗಿ ಕಾಯುತ್ತಿದ್ದರು. ನಾನು ಬರೆದಿಲ್ಲ ಎಂದರೆ ಯಾರು ನಂಬುತ್ತಾರೆ? ಮೂರು ತಿಂಗಳು ಅವರ ಮನೆಯವರು ನಮ್ಮ ಮನೆಯವರೊಂದಿಗೆ ಮಾತನಾಡಲಿಲ್ಲ. ಡೆಸ್ಕ್‌ನವರು ಆ ಬೀದಿಯಲ್ಲಿ ವಾಸಿಸುವುದಿಲ್ಲ, ನಾನು ವಾಸಿಸುತ್ತೇನೆ.

ಊರಿನ ವರ್ಣನೆಯಿಂದ ಏಕೆ ಶುರು ಮಾಡುತ್ತಾರೆ ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಸುದ್ದಿಯ ಉದ್ದ ನೋಡಿ ಹಣ ಕೊಡುತ್ತಾರೆ ಎಂಬ ಕಾಲ ಇತ್ತು, ಆ ಅಭ್ಯಾಸ ಹೋಗಿಲ್ಲ. ‘ಸಂಬಂಧಪಟ್ಟವರು’ ಎಂದು ಬರೆಯುವುದು ಭಯದಿಂದ. ಹೆಸರು ಹಾಕಿದರೆ ನಾಳೆ ಅವರ ಎದುರೇ ನಿಲ್ಲಬೇಕು. ಪ್ರಶ್ನೆ ಕಳಿಸುವಾಗ ಇದು ನೆನಪಿರಲಿ. ಇನ್ನೊಂದು ವಿಷಯ. ಸತ್ತವರ ಮನೆಗೆ ಈ ರಾತ್ರಿಯೇ ಹೋಗಿ ಕೇಳಿ ಎಂದು ಮಾತ್ರ ಹೇಳಬೇಡಿ.

ಮೂವತ್ತು ವರ್ಷ ಡೆಸ್ಕ್

ಈ ಮಾತು ಎಲ್ಲ ಡೆಸ್ಕ್‌ಗಳ ಗೋಡೆಯ ಮೇಲಿರಬೇಕು. ವರದಿಗಾರ ಬರೆಯದ ಆರೋಪವನ್ನು ಡೆಸ್ಕ್ ಸೇರಿಸಬಾರದು. ಆತ ಬರೆದ ಆರೋಪಕ್ಕೆ ಬಾಯಿ ಯಾರದು ಎಂದು ಕೇಳದೆ ಬಿಡಬಾರದು. ‘ಕಣ್ಮುಚ್ಚಿ ಕುಳಿತಿದ್ದಾರೆ’ ಎಂದ ಮರುವಾಕ್ಯದಲ್ಲೇ ‘ಭೇಟಿ ನೀಡಿ ಪರಿಶೀಲಿಸಿದರು’ ಎಂದಿದೆ. ಇವೆರಡರ ನಡುವೆ ಒಂದು ದಿನಾಂಕ ಕಳೆದುಹೋಗಿದೆ. ಅದು ಸಿಕ್ಕರೆ ಎರಡೂ ನಿಜವಾಗಿರಬಹುದು.

ಪ್ರಶ್ನೆಗಳ ಬಗ್ಗೆ ಹೇಳುತ್ತೇನೆ. ‘ವಿವರ ಸಾಲದು, ಪೂರ್ತಿ ಕಳಿಸಿ’ ಎಂದು ಸಂದೇಶ ಹಾಕಿದರೆ ಊರಿನ ಇತಿಹಾಸ ಇನ್ನೂ ಎರಡು ಪ್ಯಾರಾ ಬರುತ್ತದೆ, ಬೇಕಾದದ್ದು ಬರುವುದಿಲ್ಲ. ‘ನೀರು ಕಲುಷಿತವಾಗಿತ್ತೇ?’ ಎಂದು ಕೇಳಿದರೆ ‘ಹೌದು ಸರ್’ ಎಂದು ಉತ್ತರ ಬರುತ್ತದೆ. ‘ನಿಮಗೆ ಹಾಗೆ ಹೇಳಿದವರು ಯಾರು, ನೀವು ಕಣ್ಣಾರೆ ಏನು ನೋಡಿದಿರಿ?’ ಎಂದು ಕೇಳಿ. ಪ್ರತಿ ಪ್ರಶ್ನೆಯಲ್ಲೂ ಯಾರ ಬಳಿ ಕೇಳಬೇಕು ಎಂಬುದು ಇರಲಿ. ಅಧಿಕಾರಿಗಳಿಗೆ ನೀವೇ ಕಚೇರಿಯ ದೂರವಾಣಿಯಿಂದ ಕರೆ ಮಾಡಿ. ಹೋಬಳಿ ವರದಿಗಾರರು ಹೇಳಿದ ಭಯ ಆಗ ಅರ್ಧ ಕಡಿಮೆಯಾಗುತ್ತದೆ. ಊರಿನಲ್ಲಿ ನಿಂತು ಮಾತ್ರ ನೋಡಬಹುದಾದದ್ದನ್ನು ವರದಿಗಾರರಿಗೆ ಬಿಡಿ. ಏಳೆಂಟಕ್ಕಿಂತ ಹೆಚ್ಚು ಕೇಳಬೇಡಿ, ಉತ್ತರ ಬಾರದಿದ್ದರೆ ಸುದ್ದಿ ನಿಲ್ಲುವಂಥವು ಮೇಲಿರಲಿ.

ಡೆಸ್ಕ್‌ಗೆ ಹೊಸಬಳು (ಮಧ್ಯಾಹ್ನ 12.45)

ಎಲ್ಲರಿಗೂ ವಂದನೆ. ವರದಿಗಾರರಿಗೆ ಹೀಗೆ ಕಳಿಸಿದೆ:

> ಅಣ್ಣ, ಸುದ್ದಿ ದೊಡ್ಡದಾಗಿ ಹಾಕುತ್ತಿದ್ದೇವೆ. ಸಂಜೆ 5ರೊಳಗೆ ಇವಿಷ್ಟು ಬೇಕು. ತಾಲ್ಲೂಕು ಆರೋಗ್ಯಾಧಿಕಾರಿ ಮತ್ತು ಪಿಡಿಒ ಅವರಿಗೆ ನಾನೇ ಕರೆ ಮಾಡುತ್ತೇನೆ.
> 1. ಅಜ್ಜಿ ತೀರಿಕೊಂಡದ್ದು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ? ಅವರಿಗೆ ವಾಂತಿ–ಭೇದಿ ಆಗಿತ್ತು ಎಂದು ನಿಮಗೆ ಹೇಳಿದವರು ಯಾರು? (ಮನೆಯವರನ್ನು ಕೇಳಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು.)
> 2. 18 ಎಂದು ಹೇಳಿದವರು ಯಾರು, 23 ಎಂದು ಹೇಳಿದವರು ಯಾರು?
> 3. ಕಾಯಿಲೆ ಬಿದ್ದವರು ಊರಿನ ತುಂಬ ಇದ್ದಾರೆಯೇ, ಒಂದೇ ಕಡೆ ಇದ್ದಾರೆಯೇ? ಯಾವ ಬೀದಿ?
> 4. ಮೊದಲು ಕಾಯಿಲೆ ಬಿದ್ದವರು ಯಾವ ದಿನ ಬಿದ್ದರು?
> 5. ಒಡೆದ ಪೈಪನ್ನು ನೀವು ನೋಡಿದಿರಾ? ಎಲ್ಲಿ? ಚಿತ್ರ ಇದೆಯೇ, ಯಾವಾಗ ತೆಗೆದದ್ದು?
> 6. ಶನಿವಾರ, ಭಾನುವಾರ ಊರಿನಲ್ಲಿ ಯಾವುದಾದರೂ ಊಟದ ಕಾರ್ಯಕ್ರಮ ಇತ್ತೇ?
> 7. ‘ಗಂಭೀರ’ ಎಂದು ಯಾರು ಹೇಳಿದರು?

ಮೂವತ್ತು ವರ್ಷ ಡೆಸ್ಕ್

ಚೆನ್ನಾಗಿದೆ. ಪಿಡಿಒಗೆ ಮಾದರಿಯ ವಿಷಯ ಕೇಳುವಾಗ ‘ಪರೀಕ್ಷೆಗೆ ಕಳಿಸಿದ್ದೀರಾ’ ಎಂದು ನಿಲ್ಲಿಸಬೇಡಿ. ಬ್ಲೀಚಿಂಗ್ ಮೊದಲೋ ಮಾದರಿ ಮೊದಲೋ ಎಂದು ಕೇಳಿ.

ಡೆಸ್ಕ್‌ಗೆ ಹೊಸಬಳು (ಸಂಜೆ 5.30)

ಉತ್ತರಗಳು ಬಂದವು. ಓದಿದ ಮೇಲೆ ನಾನು ನಿನ್ನೆ ಬರೆದ ಪೀಠಿಕೆ ನೆನೆದು ಭಯವಾಯಿತು.

ಅಜ್ಜಿಗೆ 72 ವರ್ಷ. ತೀರಿಕೊಂಡದ್ದು ಭಾನುವಾರ ರಾತ್ರಿ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ. ಅಂದರೆ ಕಾಪಿಯಲ್ಲಿ ಕಾಯಿಲೆ ಶುರುವಾಯಿತು ಎಂದಿರುವ ‘ನಿನ್ನೆ ಬೆಳಿಗ್ಗೆ’ಗಿಂತ, ಅಂದರೆ ಸೋಮವಾರಕ್ಕಿಂತ, ಮೊದಲು! ಅವರಿಗೆ ಸಂಜೆಯಿಂದ ವಾಂತಿ ಆಗುತ್ತಿತ್ತು ಎಂದು ಆಶಾ ಕಾರ್ಯಕರ್ತೆ ಹೇಳಿದ್ದಾರೆ. ಮರಣೋತ್ತರ ಪರೀಕ್ಷೆ ಆಗಿಲ್ಲ, ಸೋಮವಾರ ಬೆಳಿಗ್ಗೆ ಅಂತ್ಯಕ್ರಿಯೆ ಮುಗಿದಿದೆ. ‘ಸಾವಿನ ಕಾರಣ ಈಗ ಹೇಳಲಾಗದು’ ಎಂದು ತಾಲ್ಲೂಕು ಆರೋಗ್ಯಾಧಿಕಾರಿ ನನಗೆ ಹೇಳಿದರು.

23 ಆಶಾ ಪಟ್ಟಿಯ ಲೆಕ್ಕ, ಅದರಲ್ಲಿ ಅಜ್ಜಿಯ ಹೆಸರು ಇಲ್ಲ. 18 ಆಸ್ಪತ್ರೆಗೆ ಬಂದವರ ಲೆಕ್ಕ. ಅವರಲ್ಲಿ 11 ಮಂದಿ ಮನೆಗೆ ಮರಳಿದ್ದಾರೆ, 7 ಮಂದಿ ಇವತ್ತು ಮಧ್ಯಾಹ್ನವೂ ಆಸ್ಪತ್ರೆಯಲ್ಲಿ ಇದ್ದರು. ‘ಗಂಭೀರ’ ಎಂದದ್ದು ಸಂಬಂಧಿಕರು, ಇಬ್ಬರಿಗೆ ಗ್ಲೂಕೋಸ್ ಹಾಕಿದ್ದನ್ನು ನೋಡಿ. ಯಾರ ಸ್ಥಿತಿಯೂ ಗಂಭೀರವಾಗಿಲ್ಲ ಎಂದು ವೈದ್ಯರು ಹೇಳಿದ್ದಾರೆ.

23ರಲ್ಲಿ 21 ಮಂದಿ ಕೆಳಗಿನ ಬೀದಿಯವರು. ನಲ್ಲಿಗೆ ಅಗೆದ ಗುಂಡಿ ಅದೇ ಬೀದಿಯ ತಲೆಯಲ್ಲಿ ಚರಂಡಿಯನ್ನು ಹಾದುಹೋಗುತ್ತದೆ. ಹಳೆಯ ಪೈಪು ಅಲ್ಲಿ ಒಡೆದು ನೀರು ನಿಂತಿರುವ ಚಿತ್ರವನ್ನು ವರದಿಗಾರರು ಮಂಗಳವಾರ ಮಧ್ಯಾಹ್ನ ತಾವೇ ತೆಗೆದಿದ್ದಾರೆ. ಕಾಪಿಯ ಜೊತೆ ಅದನ್ನು ಕಳಿಸಿರಲೇ ಇಲ್ಲ.

ಆದರೆ ಆರನೇ ಪ್ರಶ್ನೆಗೆ ಬಂದ ಉತ್ತರ ನೋಡಿ. ಶನಿವಾರ ಮಧ್ಯಾಹ್ನ ಅದೇ ಬೀದಿಯಲ್ಲಿ ನಾಮಕರಣದ ಊಟ ಇತ್ತು. ಉಳಿದ ಇಬ್ಬರು ಮೇಲಿನ ಬೀದಿಯವರು, ಅವರಿಬ್ಬರೂ ಆ ಊಟಕ್ಕೆ ಬಂದಿದ್ದರು. ಈಗ ನೀರು ಎನ್ನಲೇ, ಊಟ ಎನ್ನಲೇ?

ಪಿಡಿಒ ಹೇಳಿಕೆ: ಮಂಗಳವಾರ ಬೆಳಿಗ್ಗೆ 8ಕ್ಕೆ ಟ್ಯಾಂಕಿಗೆ ಬ್ಲೀಚಿಂಗ್ ಹಾಕಿಸಿ, ನಲ್ಲಿ ನೀರು ನಿಲ್ಲಿಸಿ, ಟ್ಯಾಂಕರ್ ನೀರು ಕೊಡಲಾಗಿದೆ. ಅಧಿಕಾರಿಗಳ ಭೇಟಿ 11ಕ್ಕೆ. ಮಾದರಿ ತೆಗೆದದ್ದು ಆಮೇಲೆ, ಟ್ಯಾಂಕಿನಿಂದ ಮಾತ್ರ.

ಆರೋಗ್ಯ ಇಲಾಖೆಯಲ್ಲಿರುವವ

ಎರಡರಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ಊಟಕ್ಕೆ ನೀರು ತಂದದ್ದು ಅದೇ ನಲ್ಲಿಯಿಂದ ಇರಬಹುದು. ಮೇಲಿನ ಬೀದಿಯವರು ಊಟ ಮಾಡಿದಂತೆ ನೀರನ್ನೂ ಕುಡಿದಿರುತ್ತಾರೆ. ಕೆಳಗಿನ ಬೀದಿಯಲ್ಲಿದ್ದೂ ಊಟಕ್ಕೆ ಹೋಗದವರಿಗೆ ಕಾಯಿಲೆ ಬಂದಿದೆಯೇ ಎಂಬುದನ್ನು ನೋಡಬೇಕು. ನಾವು ಹೋದರೆ ಕೇಳುವ ಪ್ರಶ್ನೆ ಅದೇ.

ಡೆಸ್ಕ್‌ಗೆ ಹೊಸಬಳು

ಅದನ್ನೂ ಕೇಳಿದೆ. ಊಟಕ್ಕೆ ಹೋಗದ ಎರಡು ಮನೆಗಳಲ್ಲಿ ಐವರಿಗೆ ಬಂದಿದೆ ಎಂದು ಆಶಾ ಕಾರ್ಯಕರ್ತೆ ಹೇಳಿದರಂತೆ. ತಾಲ್ಲೂಕು ಆರೋಗ್ಯಾಧಿಕಾರಿ ಮಾತ್ರ ‘ತನಿಖೆ ನಡೆಯುತ್ತಿದೆ’ ಎಂದಷ್ಟೇ ಹೇಳಿದರು. ಈಗ ಹೀಗೆ ಕಟ್ಟಿದ್ದೇನೆ:

> ತಾಲ್ಲೂಕಿನ … ಗ್ರಾಮದಲ್ಲಿ 23 ಮಂದಿಗೆ ವಾಂತಿ–ಭೇದಿ ಕಾಣಿಸಿಕೊಂಡಿದೆ. ಇವರಲ್ಲಿ 21 ಮಂದಿ ಒಂದೇ ಬೀದಿಯವರು. ಏಳು ಮಂದಿ ಬುಧವಾರ ಮಧ್ಯಾಹ್ನವೂ ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಯಾರ ಸ್ಥಿತಿಯೂ ಗಂಭೀರವಾಗಿಲ್ಲ ಎಂದು ವೈದ್ಯರು ತಿಳಿಸಿದ್ದಾರೆ.
>
> ಇದೇ ಬೀದಿಯ 72 ವರ್ಷದ ಮಹಿಳೆ ಭಾನುವಾರ ರಾತ್ರಿ ಮೃತಪಟ್ಟಿದ್ದಾರೆ. ಅವರಿಗೆ ಅಂದು ಸಂಜೆಯಿಂದ ವಾಂತಿ ಆಗುತ್ತಿತ್ತು ಎಂದು ಆಶಾ ಕಾರ್ಯಕರ್ತೆ ಹೇಳಿದರು. ಮರಣೋತ್ತರ ಪರೀಕ್ಷೆ ನಡೆದಿಲ್ಲ. ಸಾವಿನ ಕಾರಣವನ್ನು ಈಗ ಹೇಳಲಾಗದು ಎಂದು ತಾಲ್ಲೂಕು ಆರೋಗ್ಯಾಧಿಕಾರಿ ‘ಪತ್ರಿಕೆ’ಗೆ ತಿಳಿಸಿದರು.
>
> ಬೀದಿಯ ಆರಂಭದಲ್ಲಿ ನಲ್ಲಿ ಕಾಮಗಾರಿಗೆ ತೋಡಿದ ಗುಂಡಿ ಚರಂಡಿಯನ್ನು ಹಾದುಹೋಗಿದ್ದು, ಅಲ್ಲಿ ಹಳೆಯ ಪೈಪು ಒಡೆದಿರುವುದು ಮಂಗಳವಾರ ಕಂಡುಬಂತು. ಈ ನೀರೇ ಕಾರಣ ಎಂದು ನಿವಾಸಿಗಳು ದೂರುತ್ತಾರೆ. ಶನಿವಾರ ಬೀದಿಯಲ್ಲಿ ನಾಮಕರಣದ ಊಟವೂ ಇತ್ತು. ಊಟಕ್ಕೆ ಹೋಗದ ಎರಡು ಮನೆಗಳ ಐವರಲ್ಲೂ ಕಾಯಿಲೆ ಕಾಣಿಸಿಕೊಂಡಿದೆ ಎಂದು ಆಶಾ ಕಾರ್ಯಕರ್ತೆ ತಿಳಿಸಿದರು. ತನಿಖೆ ನಡೆಯುತ್ತಿದೆ ಎಂದು ಆರೋಗ್ಯಾಧಿಕಾರಿ ಹೇಳಿದರು.
>
> ಮಂಗಳವಾರ ಬೆಳಿಗ್ಗೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ, ನಲ್ಲಿ ನೀರು ನಿಲ್ಲಿಸಿ, ಟ್ಯಾಂಕರ್ ಮೂಲಕ ನೀರು ಪೂರೈಸಲಾಗಿದೆ. ಬಳಿಕ ಟ್ಯಾಂಕಿನಿಂದ ನೀರಿನ ಮಾದರಿ ಸಂಗ್ರಹಿಸಲಾಗಿದೆ. ಮನೆಗಳ ನಲ್ಲಿಯಿಂದ ಮಾದರಿ ತೆಗೆದಿಲ್ಲ ಎಂದು ಪಿಡಿಒ ತಿಳಿಸಿದರು.

‘300 ಮನೆಗಳು, ಕೃಷಿ’ ತೆಗೆದೆ. ‘ಹಲವು ವರ್ಷಗಳಿಂದ ಸಮಸ್ಯೆ’ ಎಂಬುದನ್ನೂ ತೆಗೆದೆ, ಯಾವ ಅರ್ಜಿ, ಯಾವಾಗ ಕೊಟ್ಟದ್ದು ಎಂದು ಸಿಗಲಿಲ್ಲ. ಬೀದಿಯ ಹೆಸರು ಹಾಕಬೇಕೇ ಎಂದು ತೀರ್ಮಾನಿಸಲಾಗಿಲ್ಲ. ಆ ಹೆಸರು ಹೇಳಿದರೆ ಅಲ್ಲಿ ಯಾವ ಸಮುದಾಯ ವಾಸಿಸುತ್ತದೆ ಎಂದು ಸುತ್ತಲಿನವರಿಗೆಲ್ಲ ಗೊತ್ತಾಗುತ್ತದೆ.

ಪತ್ರಿಕೋದ್ಯಮದ ಮೇಷ್ಟ್ರು

ಹೆಸರು ಹಾಕಿ. ಪೈಪ್‌ಲೈನಿನ ಕೊನೆಯಲ್ಲಿ ಯಾವ ಬೀದಿ ಇದೆ ಎಂಬುದೇ ಇಲ್ಲಿ ಸುದ್ದಿ. ಹೆಸರು ಬಿಟ್ಟರೆ ರಿಪೇರಿ ಎಲ್ಲಿ ಆಗಬೇಕು ಎಂದು ಕೇಳುವವರೇ ಇರುವುದಿಲ್ಲ.

ಹೋಬಳಿ ವರದಿಗಾರ

ಹಾಕಬೇಡಿ ಎನ್ನುತ್ತೇನೆ. ಹೋಟೆಲಿನಲ್ಲಿ ಲೋಟ ಬೇರೆ ಇಡುವವರಿಗೆ ‘ಆ ಬೀದಿಯಲ್ಲಿ ಕಾಯಿಲೆ’ ಎಂಬ ಇನ್ನೊಂದು ನೆಪ ಸಿಗುತ್ತದೆ. ಪೈಪು ಎಲ್ಲಿ ಒಡೆದಿದೆ ಎಂದು ಗುರುತು ಹೇಳಿದರೆ ಸಾಕು.

ಮೂವತ್ತು ವರ್ಷ ಡೆಸ್ಕ್

ಇದಕ್ಕೆ ನನ್ನ ಬಳಿ ಒಂದೇ ಉತ್ತರ ಇಲ್ಲ. ಎರಡೂ ರೀತಿ ಮಾಡಿದ್ದೇನೆ, ಎರಡರಲ್ಲೂ ಪೆಟ್ಟು ತಿಂದಿದ್ದೇನೆ. ಆ ಬೀದಿಯವರನ್ನೇ ಕೇಳಿ, ಅವರ ಮಾತಿನಂತೆ ನಡೆಯಿರಿ.

ಕಾಪಿಯಲ್ಲಿ ಒಂದೇ ತಿದ್ದುಪಡಿ. ‘ಹಾದುಹೋಗಿದ್ದು, ಅಲ್ಲಿ ಹಳೆಯ ಪೈಪು ಒಡೆದಿರುವುದು’ ಎಂಬಲ್ಲಿ ‘ಇದ್ದು’ ಮತ್ತೆ ನುಸುಳಿದೆ. ಅಗೆತದಿಂದಲೇ ಪೈಪು ಒಡೆಯಿತು ಎಂದು ಗುತ್ತಿಗೆದಾರರು ಓದಿಕೊಳ್ಳುತ್ತಾರೆ. ಅಲ್ಲಿ ಪೂರ್ಣವಿರಾಮ ಹಾಕಿ ಎರಡು ವಾಕ್ಯ ಮಾಡಿ. ವರದಿಗಾರರ ಹೆಸರು ಹಾಕುವ ಮುನ್ನ ಈ ಪಠ್ಯವನ್ನು ಅವರಿಗೆ ಓದಿ ಹೇಳಿ.

ಡೆಸ್ಕ್‌ಗೆ ಹೊಸಬಳು (ಶನಿವಾರ)

ಬೀದಿಯವರು ಹೆಸರು ಬೇಡ ಎಂದರು, ಹಾಕಲಿಲ್ಲ. ವರದಿಗಾರರು ತಮ್ಮ ಹೆಸರು ಇರಲಿ ಎಂದರು, ಹಾಕಿದೆವು. ವರದಿ ಗುರುವಾರ ಬಂತು. ಅಂದೇ ಮಧ್ಯಾಹ್ನ ಮೂರು ಮನೆಗಳ ನಲ್ಲಿಗಳಿಂದ ಮಾದರಿ ತೆಗೆದಿದ್ದಾರೆ, ಆದರೆ ಆ ಹೊತ್ತಿಗೆ ಪೈಪು ಸರಿಪಡಿಸಿ ನೀರು ಬಿಟ್ಟಾಗಿತ್ತು. ಇವತ್ತು ಟ್ಯಾಂಕಿನ ವರದಿ ಬಂದಿದೆ: ‘ಕುಡಿಯಲು ಯೋಗ್ಯ’. ಅದರ ಚಿತ್ರ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿದೆ. ‘ಗ್ರಾಮದ ನೀರು ಶುದ್ಧ: ವರದಿ’ ಎಂದು ಶೀರ್ಷಿಕೆ ಕೊಡಲು ಸೂಚನೆ ಬಂದಿದೆ.

ಮೂವತ್ತು ವರ್ಷ ಡೆಸ್ಕ್

‘ಬ್ಲೀಚಿಂಗ್ ಬಳಿಕದ ಟ್ಯಾಂಕ್ ನೀರು ಯೋಗ್ಯ’ ಎಂದು ಕೊಡಿ. ಅಕ್ಷರ ಹೆಚ್ಚಾಯಿತು ಎಂದರೆ ‘ನಲ್ಲಿ ನೀರಿನ ವರದಿ ಬಾಕಿ’ ಎಂದು ಕೊಡಿ. ಎರಡನೇ ವಾಕ್ಯದಲ್ಲಿ ಮಾದರಿ ತೆಗೆದ ದಿನ ಮತ್ತು ಹೊತ್ತು ಬರಲಿ. ನಲ್ಲಿಯ ಮಾದರಿಯೂ ರಿಪೇರಿಯ ನಂತರದ್ದು ಎಂಬುದನ್ನು ಈಗಲೇ ಬರೆದಿಡಿ, ಆ ವರದಿ ಬಂದಾಗ ಡೆಸ್ಕ್‌ನಲ್ಲಿ ಬೇರೆಯವರು ಇರಬಹುದು.

ಆರೋಗ್ಯ ಇಲಾಖೆಯಲ್ಲಿರುವವ

ಆಸ್ಪತ್ರೆಯಲ್ಲಿ ಇದ್ದವರ ಮಲದ ಮಾದರಿ ತೆಗೆದಿದ್ದಾರೆಯೇ ಎಂದು ಕೇಳಿದಿರಾ? ಉಳಿದಿರುವ ಸಾಕ್ಷಿ ಅದೊಂದೇ.

ಡೆಸ್ಕ್‌ಗೆ ಹೊಸಬಳು

ಕೇಳಿರಲಿಲ್ಲ. ಈಗಲೇ ತಾಲ್ಲೂಕು ಆಸ್ಪತ್ರೆಗೆ ಕರೆ ಮಾಡುತ್ತೇನೆ.